ಹೆಸರು ಮುಚ್ಚಿ ಓದಿ ನೋಡಿ: ಚಾಚಾ ಅವರ ಎರಡು ನಿಮಿಷದ ಭಾಷಣ

ವಿದ್ಯಾರ್ಥಿಗಳೇ, ಪತ್ರಲೇಖನ, ಪ್ರಬಂಧಗಳನ್ನು ತರಗತಿಯಲ್ಲಿ ಕಲಿಸುತ್ತೇವೆ. ಪ್ರಶಸ್ತಿ ಪಡೆದವರು ಆಡುವ ನಾಲ್ಕು ಮಾತು ಹೇಗಿರಬೇಕು ಎಂಬುದು ಯಾವ ಪಠ್ಯದಲ್ಲೂ ಇಲ್ಲ. ಅದನ್ನು ನಾನು ಕಲಿತದ್ದು ನಮ್ಮ ರಸಾಯನಶಾಸ್ತ್ರ ಪ್ರಯೋಗಾಲಯದ ಅಟೆಂಡರ್ ಅವರಿಂದ. ನೀವೆಲ್ಲ 'ಚಾಚಾ' ಎಂದು ಕರೆಯುವವರು. ದಿನವೂ ಭದ್ರಾವತಿಯಿಂದ ಬಸ್ಸಿನಲ್ಲಿ ಬರುವವರು.

ಶಿವಮೊಗ್ಗದ ಒಂದು ಸಂಘದವರು ಅವರನ್ನು ಉತ್ತಮ ಬೋಧಕೇತರ ಸಿಬ್ಬಂದಿ ಎಂದು ಗುರುತಿಸಿದರು. ಎರಡು ನಿಮಿಷ ಮಾತಾಡಬೇಕೆಂದೂ ತಿಳಿಸಿದರು. ಚಾಚಾ ನನ್ನ ಬಳಿ ಬಂದು, "ಸರ್, ನೀವು ಕನ್ನಡ ಮೇಷ್ಟ್ರು, ಬರೆದುಕೊಡಿ, ನಾನು ಓದಿಬಿಡ್ತೀನಿ" ಎಂದರು. ಒಂದೇ ಗಂಟೆಯಲ್ಲಿ ಎರಡು ಪುಟ ಬರೆದುಕೊಟ್ಟೆ. ತಪ್ಪಾದದ್ದು ಅಲ್ಲಿಯೇ.

ಸಿಬ್ಬಂದಿ ಕೊಠಡಿಯಲ್ಲಿ ಅವರು ಓದಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಕಸಿವಿಸಿಯಾಯಿತು. "ನನ್ನ ಯಶಸ್ಸಿಗೆ ಕಾರಣೀಭೂತರಾದ ಸಮಸ್ತ ಸಿಬ್ಬಂದಿ ವರ್ಗಕ್ಕೆ ಹೃತ್ಪೂರ್ವಕ ಕೃತಜ್ಞತೆಗಳನ್ನು ಅರ್ಪಿಸಬಯಸುತ್ತೇನೆ" ಎಂಬಲ್ಲಿ ಅವರು ಮೂರು ಸಲ ಎಡವಿದರು. ಕಣ್ಣು ಹಾಳೆ ಬಿಟ್ಟು ಮೇಲೇಳಲಿಲ್ಲ. ಆ ಮಾತು ಅವರದಲ್ಲ, ನನ್ನದಾಗಿತ್ತು. ನಿಜ ಹೇಳಬೇಕೆಂದರೆ ನನ್ನದೂ ಅಲ್ಲ, ಎಲ್ಲ ಸಮಾರಂಭಗಳಲ್ಲೂ ಕೇಳುವ ಮಾತು.

ಓದಿ ಮುಗಿಸಿದ ಚಾಚಾ ಮೆಲ್ಲಗೆ ಕೇಳಿದರು: "ಸರ್, ಸಮಸ್ತ ಸಿಬ್ಬಂದಿ ಅಂದ್ರೆ ನಮ್ಮ ಆಯಮ್ಮಾನೂ ಬರ್ತಾರಾ? ಅವರು ಗುತ್ತಿಗೆಯವರು, ಸಿಬ್ಬಂದಿ ಪಟ್ಟಿಯಲ್ಲಿ ಹೆಸರಿಲ್ಲ." ನನ್ನ ಬಳಿ ಉತ್ತರವಿರಲಿಲ್ಲ. ಎಲ್ಲರಿಗೂ ಧನ್ಯವಾದ ಹೇಳುವ ವಾಕ್ಯದಲ್ಲಿ ಬಿಟ್ಟುಹೋಗುವವರು ಮೊದಲೇ ಪಟ್ಟಿಯಿಂದ ಬಿಟ್ಟುಹೋದವರೇ.

ಹಾಳೆ ಹರಿದುಹಾಕಿ ಹೊಸದಾಗಿ ಕೂತೆವು. ನಾನು ಒಂದೇ ಪ್ರಶ್ನೆ ಕೇಳಿದೆ: "ಯಾರು ಇಲ್ಲದಿದ್ದರೆ ನಿಮ್ಮ ಯಾವ ದಿನ ಕೆಟ್ಟುಹೋಗುತ್ತಿತ್ತು?" ಚಾಚಾ ಯೋಚಿಸಲೇ ಇಲ್ಲ. "ಮೋಟಾರ್ ಸುಟ್ಟ ದಿನ" ಎಂದರು.

ಅದು ದ್ವಿತೀಯ ಪಿಯುಸಿ ಪ್ರಾಯೋಗಿಕ ಪರೀಕ್ಷೆಯ ಬೆಳಿಗ್ಗೆ. ನಲ್ಲಿಯಲ್ಲಿ ಹನಿ ನೀರಿಲ್ಲ. ಡಿಸ್ಟಿಲ್ಡ್ ವಾಟರ್ ಕ್ಯಾನಿನಲ್ಲಿತ್ತು, ಆದರೆ ಬ್ಯುರೆಟ್, ಪಿಪೆಟ್, ಫ್ಲಾಸ್ಕುಗಳನ್ನು ಮೊದಲು ತೊಳೆಯಲು ನೀರು ಬೇಕಲ್ಲ! ವಾಚ್‌ಮನ್ ಬೆಳಿಗ್ಗೆ ಪೌಣೆ ಆರಕ್ಕೇ ಭದ್ರಾವತಿಗೆ ಫೋನ್ ಮಾಡಿ ತಿಳಿಸಿದರು. ಇಲ್ಲದಿದ್ದರೆ ಚಾಚಾರಿಗೆ ಗೊತ್ತಾಗುತ್ತಿದ್ದದ್ದು ಕಾಲೇಜಿಗೆ ಬಂದ ಮೇಲೆ. ಚಾಚಾ ಕೂಡಲೇ ಆಯಮ್ಮನಿಗೆ ಫೋನ್ ಮಾಡಿದರು. ಆಯಮ್ಮ ಪಕ್ಕದ ಮನೆಯ ಬಾವಿಯಿಂದ ಮೊದಲ ಮಹಡಿಗೆ ಹದಿನಾಲ್ಕು ಕೊಡ ಹೊತ್ತರು.

ಅಷ್ಟರಲ್ಲಿ ಲ್ಯಾಬಿನ ಗ್ಯಾಸ್ ಮುಗಿಯಿತು. ವಿಜ್ಞಾನದವರಿಗೆ ಗೊತ್ತು: ಆಕ್ಸಾಲಿಕ್ ಆಮ್ಲವನ್ನು ಪೊಟ್ಯಾಶಿಯಂ ಪರ್ಮಾಂಗನೇಟ್ ಜೊತೆ ಟೈಟ್ರೇಟ್ ಮಾಡುವಾಗ ದ್ರಾವಣ ಸುಮಾರು 60–70 ಡಿಗ್ರಿ ಬಿಸಿ ಇರಬೇಕು. ತಣ್ಣಗಿದ್ದರೆ ಕ್ರಿಯೆ ನಿಧಾನವಾಗುತ್ತದೆ. ಬಣ್ಣ ಬೇಗ ಹೋಗದೆ ಕಂದು ತಿರುಗಿ, ಅಂತ್ಯಬಿಂದು ತಪ್ಪಬಹುದು. ಕ್ಯಾಂಟೀನ್ ಭಾಯ್ ತಮ್ಮ ಸಿಲಿಂಡರನ್ನೇ ಉರುಳಿಸಿಕೊಂಡು ಬಂದರು. ಆ ದಿನ ಮಧ್ಯಾಹ್ನದವರೆಗೆ ನಮಗ್ಯಾರಿಗೂ ಚಹಾ ಸಿಗಲಿಲ್ಲ. ನಾನು ಗೊಣಗಿದ್ದೂ ನೆನಪಿದೆ. ಕಾರಣ ಗೊತ್ತಾದದ್ದು ಈಗ.

ಭಾಷಣಕ್ಕೆ ಬೇಕಾದದ್ದೆಲ್ಲ ಇಲ್ಲೇ ಇತ್ತು. ಮೂವರು, ಒಬ್ಬೊಬ್ಬರದು ಒಂದೊಂದು ಕೆಲಸ, ಒಂದೇ ದಿನ. ಇಲ್ಲಿ ನನಗೆ ಒಂದು ಪರೀಕ್ಷೆ ಸಿಕ್ಕಿತು. ಧನ್ಯವಾದದ ವಾಕ್ಯದಲ್ಲಿ ಹೆಸರನ್ನು ಬೆರಳಿನಿಂದ ಮುಚ್ಚಿ ಓದಿ. "ಸದಾ ಸಹಕಾರ ನೀಡಿದ" ಎಂಬುದು ಯಾರಿಗೂ ಹೊಂದುತ್ತದೆ, ಆದ್ದರಿಂದ ಅದನ್ನು ಬಿಡಬೇಕು. "ಹದಿನಾಲ್ಕು ಕೊಡ ಹೊತ್ತ" ಎಂಬುದು ಒಬ್ಬರಿಗೇ ಹೊಂದುತ್ತದೆ, ಅದನ್ನು ಉಳಿಸಬೇಕು.

ಕ್ರಿಕೆಟ್ ನೋಡುವವರಿಗೆ ಇನ್ನೊಂದು ಉದಾಹರಣೆ. 2023ರ ಜನವರಿಯಲ್ಲಿ ತಿರುವನಂತಪುರದಲ್ಲಿ ಶ್ರೀಲಂಕಾ ವಿರುದ್ಧ ವಿರಾಟ್ ಕೊಹ್ಲಿ ಔಟಾಗದೆ 166 ರನ್ ಹೊಡೆದರು. ಪಂದ್ಯದ ಬಳಿಕದ ಸಂದರ್ಶನದಲ್ಲಿ ಅವರು ನಮ್ಮ ಕುಮಟಾದ ರಾಘವೇಂದ್ರ ಮತ್ತು ಅವರ ಇಬ್ಬರು ಜೊತೆಗಾರರನ್ನು ಪಕ್ಕಕ್ಕೆ ಕರೆದು ನಿಲ್ಲಿಸಿಕೊಂಡರು. ಇವರು ಅಭ್ಯಾಸದಲ್ಲಿ ಚೆಂಡು ಎಸೆದುಕೊಡುವ ಸಹಾಯಕ ಸಿಬ್ಬಂದಿ. ಬರಿಯ ಥ್ಯಾಂಕ್ಸ್‌ಗೆ ನಿಲ್ಲಿಸದೆ, ಗಂಟೆಗೆ 145–150 ಕಿ.ಮೀ. ವೇಗದ ಎಸೆತಗಳನ್ನು ಇವರಿಂದಲೇ ದಿನವೂ ಎದುರಿಸುತ್ತೇವೆ ಎಂದು ಕೆಲಸವನ್ನೇ ಹೇಳಿದರು. ಅದರಿಂದಲೇ ಆ ಮಾತು ನೆನಪಿನಲ್ಲಿ ಉಳಿಯಿತು.

ನಂತರ ಚಾಚಾರಿಗೆ ವಾಕ್ಯ ಬರೆದುಕೊಡಲಿಲ್ಲ. ಅಂಗೈಯಗಲದ ಒಂದು ಕಾರ್ಡಿನಲ್ಲಿ ನಾಲ್ಕು ಸಾಲು ಬರೆದೆ: ಮೋಟಾರ್, ಆಯಮ್ಮ – 14 ಕೊಡ, ಭಾಯ್ – ಸಿಲಿಂಡರ್, ವಾಚ್‌ಮನ್ – ಪೌಣೆ ಆರು. ವಾಕ್ಯವಿದ್ದರೆ ಕಣ್ಣು ಓದುತ್ತದೆ, ಪದವಿದ್ದರೆ ಮನಸ್ಸು ನೆನಪಿಸಿಕೊಳ್ಳುತ್ತದೆ. ಬಾಯಿಪಾಠ ಮಾಡಿದ್ದು ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ ಮಾತ್ರ. ಗಾಬರಿಯಾಗುವುದು ಶುರುವಿನಲ್ಲಿ, ಮುಗಿಸಲು ದಾರಿ ಕಾಣದಿರುವುದು ಕೊನೆಯಲ್ಲಿ.

ಒಂದು ವಾರ ಅವರು ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರಿಗೆ ಆ ದಿನದ ಕಥೆ ಹೇಳುತ್ತಾ ಬಂದರು. ಮೊದಲ ದಿನ ಮಾಚೇನಹಳ್ಳಿ ದಾಟಿದರೂ ಕಥೆ ಮುಗಿಯಲಿಲ್ಲವಂತೆ. ಪ್ರತಿದಿನ ಬೇರೆ ಬೇರೆ ಮಾತಿನಲ್ಲಿ ಹೇಳಿದ್ದರಿಂದ ಅದು ಬಾಯಿಪಾಠವಾಗಲಿಲ್ಲ. ಕೇಳಿದವರಿಗೆ ಬೇಸರವಾದ ಕಡೆ ತಾನಾಗಿ ಚಿಕ್ಕದಾಯಿತು. ವಾರದ ಕೊನೆಗೆ ಗಡಿಯಾರ ಇಟ್ಟು ನೋಡಿದೆ, ಎರಡು ನಿಮಿಷ ಹತ್ತು ಸೆಕೆಂಡು.

ಒಂದು ಎಚ್ಚರಿಕೆಯೂ ಬೇಕಿತ್ತು. ಒಬ್ಬರ ಕೆಲಸವನ್ನು ವೇದಿಕೆಯಲ್ಲಿ ಹೇಳಬಹುದು, ಅವರ ಮನೆಯ ಕಷ್ಟವನ್ನು ಹೇಳಬಾರದು. ಆ ದಿನ ಆಯಮ್ಮನಿಗೆ ಜ್ವರವಿತ್ತು. ಚಾಚಾ ಅದನ್ನು ಹೇಳಲೇ ಎಂದು ಅವರನ್ನೇ ಕೇಳಿದರು. "ಜ್ವರದ ಮಾತು ಬೇಡಪ್ಪ, ಕೊಡದ ಮಾತು ಹೇಳು" ಎಂದರು ಆಯಮ್ಮ. ಇಲ್ಲಿ ಬರೆಯುವ ಮುನ್ನ ನಾನೂ ಅವರನ್ನು ಕೇಳಿದ್ದೇನೆ. "ಈಗ ಬರೀರಿ, ವಾಸಿಯಾಗಿದೆ" ಎಂದು ನಕ್ಕರು.

ಸಮಾರಂಭದಲ್ಲಿ ಚಾಚಾ ವೇದಿಕೆಗೆ ಒಂದೇ ಸಲಾಂ ಹೇಳಿ ಶುರುಮಾಡಿದರು: "ಈ ಶಾಲು ನನಗೆ ಹಾಕಿದ್ದೀರಿ. ಆದ್ರೆ ನೀರು ಹೊತ್ತ ಹೆಗಲು ನನ್ನದಲ್ಲ." ಸಭೆ ಸದ್ದಿಲ್ಲದೆ ಕೇಳಿತು. ಕೊಡದ ಕಥೆ, ಸಿಲಿಂಡರ್ ಕಥೆ ಹೇಳಿದರು. ನಾವು ಚಹಾ ಇಲ್ಲದೆ ಗೊಣಗಿದ್ದನ್ನೂ ಸೇರಿಸಿದಾಗ ಎಲ್ಲರೂ ನಕ್ಕರು. ಆ ನಗುವಿನಲ್ಲಿ ವಾಚ್‌ಮನ್ ಮರೆತುಹೋದರು. ಕೊನೆಯ ವಾಕ್ಯಕ್ಕೆ ಬಂದವರು ನಿಂತರು, ಕಾರ್ಡ್ ನೋಡಿದರು. "ತಡೀರಿ, ಇನ್ನೊಬ್ಬರಿದ್ದಾರೆ. ಅವರು ಫೋನ್ ಮಾಡದಿದ್ರೆ ಇವರಿಬ್ಬರ ಕಥೇನೇ ಇಲ್ಲ" ಎಂದರು. ಇಡೀ ಭಾಷಣದಲ್ಲಿ ಅತಿ ಸಹಜವಾಗಿದ್ದದ್ದು ಆ ಮಾತೇ. ಮರೆತಾಗ ತಡವರಿಸಿ ಮುಚ್ಚಿಡುವುದಕ್ಕಿಂತ ನಿಂತು ಹೇಳುವುದು ಮೇಲು.

ಕೊನೆಯ ವಾಕ್ಯ ಹೀಗಿತ್ತು: "ನಾಳೆ ಬೆಳಿಗ್ಗೆ ಈ ಫಲಕ ಲ್ಯಾಬಿನಲ್ಲಿ ಇರುತ್ತೆ, ಮೂವರೂ ಬಂದು ನೋಡಿ." ಆಯಮ್ಮ ಹಿಂದಿನ ಸಾಲಿನಲ್ಲಿ ಕೂತಿದ್ದರು. ಮರುದಿನ ಫಲಕದ ಧೂಳು ಒರೆಸಿದವರೂ ಅವರೇ. ಒರೆಸಿ, ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು.