ಓಟಿ ಕಾಣೆಯಾದಾಗ ಎಚ್‌ಆರ್‌ಗೆ ಬರೆಯುವ ಪತ್ರ

ಕಳೆದ ವರ್ಷ ಮೆಕ್ಯಾನಿಕಲ್ ಮುಗಿಸಿದ ನಮ್ಮ ಸೀನಿಯರ್ ಒಬ್ಬರು ಒಂದು ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗದಲ್ಲಿದ್ದಾರೆ. ಸೆಪ್ಟೆಂಬರಿನಲ್ಲಿ ಅವರು ನಮಗೆ ಎರಡು ಕಾಗದ ಕಳಿಸಿದರು. ಒಂದು ಆಗಸ್ಟ್ ತಿಂಗಳ ಪೇ ಸ್ಲಿಪ್, ಇನ್ನೊಂದು ಎಚ್‌ಆರ್‌ಗೆ ಬರೆದಿಟ್ಟ ಪತ್ರ. ಪತ್ರದ ಮೊದಲ ಸಾಲಿನಲ್ಲೇ ‘ಮೋಸ’ ಅನ್ನೋ ಪದ ಇತ್ತು. "ಅಣ್ಣ, ಇದನ್ನು ಇನ್ನೂ ಕಳಿಸಬೇಡಿ" ಅಂತ ಹೇಳಿ ಕೂತು ಲೆಕ್ಕ ನೋಡಿದೆವು.

ಅವರದು ರಾತ್ರಿ 10ರಿಂದ ಬೆಳಿಗ್ಗೆ 6ರ ಮೂರನೇ ಶಿಫ್ಟ್. ನಾಲ್ಕು ರಾತ್ರಿ ಮೆಷಿನ್ ಕೆಟ್ಟು ಬೆಳಿಗ್ಗೆ 10ರವರೆಗೆ ನಿಂತಿದ್ದರು. ಸ್ಲಿಪ್‌ನಲ್ಲಿ ಓಟಿ ಸೊನ್ನೆ, ಮೇಲಿಂದ ಒಂದು ದಿನ ಗೈರುಹಾಜರಿ! ಹಾಜರಾತಿ ಪೋರ್ಟಲ್ ತೆರೆದು ಪಂಚ್ ಸಮಯಗಳನ್ನು ನೋಡಿದಾಗ ಕಾರಣ ಹೊಳೆಯಿತು. ಮೂರನೇ ಶಿಫ್ಟಿನ ಔಟ್ ಪಂಚ್‌ಗೆ ಅಲ್ಲಿನ ಸಾಫ್ಟ್‌ವೇರ್ ಬೆಳಿಗ್ಗೆ 8ರವರೆಗೆ ಮಾತ್ರ ಕಾಯುತ್ತೆ. 10ಕ್ಕೆ ಹೊಡೆದ ಪಂಚ್ ಅದಕ್ಕೆ ಮರುದಿನದ ಇನ್ ಪಂಚ್. ಹಾಗಾಗಿ ಆ ರಾತ್ರಿಗಳಿಗೆಲ್ಲ ‘ಮಿಸ್ ಪಂಚ್’ ಬಿದ್ದಿತ್ತು. ಸೂಪರ್‌ವೈಸರ್ ಮೂರು ರಾತ್ರಿಯನ್ನು ಬರೀ 8 ಗಂಟೆಯ ಹಾಜರಿ ಅಂತ ಸರಿ ಮಾಡಿದ್ದರು, ನಾಲ್ಕನೆಯದು ಮರೆತಿದ್ದರು. ಅಂದರೆ ಯಾರೂ ಬೇಕಂತಲೇ ದುಡ್ಡು ಹಿಡಿದಿರಲಿಲ್ಲ. ‘ಮೋಸ’ ಅಂತ ಬರೆದಿದ್ದರೆ ಓದುವವರು ತಮ್ಮನ್ನು ಸಮರ್ಥಿಸಿಕೊಳ್ಳೋಕೆ ನಿಲ್ಲುತ್ತಿದ್ದರು, ಪಂಚ್ ನೋಡೋಕೆ ಅಲ್ಲ.

ಇನ್ನು ದರ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 59ನೇ ಕಲಮಿನಲ್ಲಿ ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ಮೀರಿದ ಕೆಲಸಕ್ಕೆ ದುಪ್ಪಟ್ಟು ಕೂಲಿ ಎಂದಿತ್ತು. 2019ರ ವೇತನ ಸಂಹಿತೆಯೂ ಓಟಿಗೆ ದುಪ್ಪಟ್ಟಿಗೆ ಕಡಿಮೆಯಿಲ್ಲದ ದರವನ್ನೇ ಹೇಳುತ್ತೆ. ಇವರ ನೇಮಕಾತಿ ಪತ್ರದಲ್ಲಿ ಇನ್ನೂ ಅನುಕೂಲ: 8 ಗಂಟೆ ಮೀರಿದ್ದೆಲ್ಲ ದುಪ್ಪಟ್ಟು ದರದ ಓಟಿ. ಆದ್ದರಿಂದ ಕಾಯ್ದೆಗಿಂತ ಮೊದಲು ಆ ಪತ್ರ ತೆಗೆದು ಓದಬೇಕು. ಹುದ್ದೆ ಮ್ಯಾನೇಜರ್ ಮಟ್ಟದ್ದಾದರೆ ಓಟಿಯೇ ಇಲ್ಲದೆ ಇರಬಹುದು.

ತಿಂಗಳಿಗೆ 20,800 ರೂಪಾಯಿ. ಅದನ್ನು 26 ದಿನ, ದಿನಕ್ಕೆ 8 ಗಂಟೆ, ಅಂದರೆ 208ರಿಂದ ಭಾಗಿಸಿದರೆ ಗಂಟೆಗೆ 100. ದುಪ್ಪಟ್ಟು 200. ನಾಲ್ಕು ರಾತ್ರಿಯ 16 ಗಂಟೆಗೆ 3,200, ಕಡಿತವಾದ ಒಂದು ದಿನಕ್ಕೆ 800. ಒಟ್ಟು 4,000. ಕೊನೆಗೆ ಹೋದ ಪತ್ರ ಇದು (ಅವರ ಪ್ಲಾಂಟಿನಲ್ಲಿ ಕನ್ನಡ ನಡೆಯುತ್ತೆ, ನಮ್ಮ ಪುಣ್ಯ):

"ಮಾನ್ಯರೇ,

ವಿಷಯ: ಆಗಸ್ಟ್ ತಿಂಗಳ ಹಾಜರಾತಿ ಮತ್ತು ವೇತನ ದಾಖಲೆ ತಿದ್ದುಪಡಿ.

ಆಗಸ್ಟ್ 5, 7, 26 ಮತ್ತು 28ರ ರಾತ್ರಿ ಪಾಳಿಯಲ್ಲಿ ನಾನು ಮರುದಿನ ಬೆಳಿಗ್ಗೆ 10 ಗಂಟೆಯವರೆಗೆ ಕೆಲಸ ಮಾಡಿದ್ದೇನೆ. ನನ್ನ ಔಟ್ ಪಂಚ್ ಮರುದಿನದ ಇನ್ ಪಂಚ್ ಆಗಿ ದಾಖಲಾಗಿರುವಂತೆ ಕಾಣುತ್ತದೆ. ಇದರಿಂದ 16 ಗಂಟೆಯ ಓಟಿ ಬಿಟ್ಟುಹೋಗಿದೆ, 28ರಂದು ಗೈರುಹಾಜರಿ ಎಂದು ಬಂದಿದೆ. ನನ್ನ ಲೆಕ್ಕದಲ್ಲಿ ವ್ಯತ್ಯಾಸ 4,000 ರೂಪಾಯಿ. ಲೆಕ್ಕ ಮತ್ತು ಪಂಚ್ ವಿವರ ಲಗತ್ತಿಸಿದ್ದೇನೆ. ದಯವಿಟ್ಟು ಪರಿಶೀಲಿಸಿ, ಮೊದಲು ಹಾಜರಾತಿಯನ್ನು ಸರಿಪಡಿಸಿ, ಬಾಕಿಯನ್ನು ಮುಂದಿನ ವೇತನದಲ್ಲಿ ಸೇರಿಸಿ, ತಿದ್ದಿದ ಪೇ ಸ್ಲಿಪ್ ಕೊಡಬೇಕಾಗಿ ವಿನಂತಿ. ನನ್ನ ಲೆಕ್ಕದಲ್ಲಿ ತಪ್ಪಿದ್ದರೆ ತಿಳಿಸಿ. ಸೆಪ್ಟೆಂಬರ್ 20ರೊಳಗೆ ಉತ್ತರ ಸಿಕ್ಕರೆ ಅನುಕೂಲ."

‘ಮೊದಲು ಹಾಜರಾತಿ’ ಅಂತ ಒತ್ತಿ ಬರೆಸಿದ್ದು ನಾವೇ. ದುಡ್ಡು ಮಾತ್ರ ಕೇಳಿದರೆ ಕೆಲವು ಕಡೆ ‘ಇನ್ಸೆಂಟಿವ್’ ಅಂತ ಒಂದು ಸಾಲು ಹಾಕಿ ಮುಗಿಸಿಬಿಡ್ತಾರೆ. ಗೈರುಹಾಜರಿ ಹಾಗೇ ಉಳಿಯುತ್ತೆ. ಓಟಿ ಹಣಕ್ಕೆ ಪಿಎಫ್ ಇಲ್ಲ, ನಿಜ. ಆದರೆ ಕಡಿತವಾದ ದಿನದ ಮೂಲವೇತನಕ್ಕೆ ಇದೆ, ಅದೂ ಕಮ್ಮಿಯಾಗಿರುತ್ತೆ. ಸಾಫ್ಟ್‌ವೇರ್ ಸರಿಯಾಗದಿದ್ದರೆ ಮುಂದಿನ ತಿಂಗಳೂ ಇದೇ ಕಥೆ.

ಪತ್ರವನ್ನು ಈಮೇಲ್‌ನಲ್ಲೇ ಕಳಿಸಿದರು, ಸೂಪರ್‌ವೈಸರ್‌ಗೂ ಪ್ರತಿ ಹಾಕಿ. ಅವರಿಗೆ ಹಿಂದಿನ ದಿನವೇ ಬಾಯಲ್ಲಿ ಹೇಳಿದ್ದರು. ಇದ್ದಕ್ಕಿದ್ದಂತೆ ತಮ್ಮ ಹೆಸರು ಮೇಲ್‌ನಲ್ಲಿ ಕಂಡರೆ ಯಾರಿಗೇ ಆದರೂ ಮುಜುಗರ ಅಲ್ವಾ?

ಐದನೇ ದಿನ ಉತ್ತರ ಬಂತು. 28ರ ಹಾಜರಿ ಸರಿಯಾಯಿತು, ಮೂರು ರಾತ್ರಿಯ ಓಟಿ ಒಪ್ಪಿದರು. 7ರ ರಾತ್ರಿಗೆ ಮಾತ್ರ ಸೂಪರ್‌ವೈಸರ್ ಸಹಿ ಮಾಡಿದ ಓಟಿ ಸ್ಲಿಪ್ ಇರಲಿಲ್ಲ. ಪಂಚ್ ಇದ್ದರೆ ಒಳಗಿದ್ದದ್ದು ಗೊತ್ತಾಗುತ್ತೆ, ಕೆಲಸಕ್ಕೆ ನಿಲ್ಲಿಸಿದ್ದು ಯಾರು ಅಂತ ಗೊತ್ತಾಗಲ್ಲ ಅನ್ನೋದು ಎಚ್‌ಆರ್ ವಾದ. ಆ ರಾತ್ರಿಯ ಬ್ರೇಕ್‌ಡೌನ್ ರಿಜಿಸ್ಟರಿನಲ್ಲಿ ರಿಪೇರಿ ಮುಗಿದ ಸಮಯ 9:40 ಅಂತ ಇವರ ಕೈಬರಹದಲ್ಲೇ ಇದೆಯಂತೆ. ಅದನ್ನು ನೋಡಿ ಎಂದು ಎರಡನೇ ಪತ್ರ ಹೋಗಿದೆ, 800 ರೂಪಾಯಿ ಇನ್ನೂ ಬಾಕಿ.