ಡಾಲರ್ ದರ ಎಲ್ಲಿ ನಿಲ್ಲುತ್ತದೆ: ರೇಖೆ ಎಳೆದು ತಿಳಿಯುವ ಬಗೆ

ಹುಣಸೂರು ತಾಲ್ಲೂಕಿನ ಗಾವಡಗೆರೆ ಸುತ್ತಿನಲ್ಲಿ ಬೆಳೆದ ವರ್ಜೀನಿಯಾ ತಂಬಾಕು ಕಟ್ಟೆಮಳಲವಾಡಿ, ಕಂಪಲಾಪುರದಂತಹ ಹರಾಜು ಮಾರುಕಟ್ಟೆಗಳಲ್ಲಿ ರೂಪಾಯಿ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಅದರಲ್ಲಿ ಹೊರದೇಶಕ್ಕೆ ಹೋಗುವ ಪಾಲಿನ ಹಣ ಮಾತ್ರ ಬಹುಮಟ್ಟಿಗೆ ಡಾಲರ್‌ನಲ್ಲಿ ಬರುತ್ತದೆ. ರಫ್ತುದಾರನು ಆ ಡಾಲರ್‌ಗಳನ್ನು ಬ್ಯಾಂಕಿಗೆ ಮಾರಿ ರೂಪಾಯಿ ಪಡೆಯುವುದರಿಂದ ಅವನು ಡಾಲರ್ ಪೂರೈಕೆದಾರನಾಗುತ್ತಾನೆ. ಕಚ್ಚಾ ತೈಲ ತರಿಸುವ ಕಂಪನಿಯು ರೂಪಾಯಿ ಕೊಟ್ಟು ಡಾಲರ್ ಕೊಳ್ಳುವುದರಿಂದ ಬೇಡಿಕೆದಾರನಾಗುತ್ತದೆ. ಇವರಿಬ್ಬರಂತಹ ಅಸಂಖ್ಯರು ಸೇರಿದಾಗ ದರ ಒಂದೆಡೆ ನಿಲ್ಲುವುದು ಹೇಗೆಂಬುದನ್ನು 2013ರ ಘಟನೆಯ ಮೂಲಕ, ಒಂದು ಚೌಕುಳಿ ಹಾಳೆಯ ಮೇಲೆ ಎಳೆದು ನೋಡಬಹುದು.

ಮೊದಲು ಅಡ್ಡ ಗೆರೆಯ ಮೇಲೆ ದಿನವೊಂದಕ್ಕೆ ಕೈಬದಲಾಗುವ ಡಾಲರ್‌ಗಳ ಪ್ರಮಾಣವನ್ನೂ, ಲಂಬ ಗೆರೆಯ ಮೇಲೆ ಒಂದು ಡಾಲರ್‌ಗೆ ಕೊಡಬೇಕಾದ ರೂಪಾಯಿಯನ್ನೂ ಗುರುತಿಸಬೇಕು. ಲಂಬ ಗೆರೆಯಲ್ಲಿ ಮೇಲೇರಿದಷ್ಟೂ ಡಾಲರ್ ದುಬಾರಿಯಾಗುತ್ತದೆ, ಅಂದರೆ ರೂಪಾಯಿ ದುರ್ಬಲವಾಗುತ್ತದೆ. ಇದನ್ನು ತಲೆಕೆಳಗಾಗಿ ಓದುವುದೇ ಹೆಚ್ಚಿನವರು ಮಾಡುವ ತಪ್ಪು.

ಆಮೇಲೆ ಬಿಂದುಗಳನ್ನು ಇಡಬೇಕು. ಲೆಕ್ಕಕ್ಕಾಗಿಯೇ ಊಹಿಸಿಕೊಂಡ ಅಂಕಿಗಳ ಪ್ರಕಾರ ದರ 52, 56, 60, 64, 68 ರೂಪಾಯಿ ಇದ್ದಾಗ ಬೇಡಿಕೆ ಕ್ರಮವಾಗಿ 120, 110, 100, 90, 80 ಪಾಲು ಎಂದೂ, ಪೂರೈಕೆ 100, 110, 120, 130, 140 ಪಾಲು ಎಂದೂ ಇಟ್ಟುಕೊಳ್ಳಬಹುದು. ಡಾಲರ್ ದುಬಾರಿಯಾದಂತೆ ಆಮದು ಸರಕಿನ ಬೆಲೆ ರೂಪಾಯಿಯಲ್ಲಿ ಏರಿ ಕೊಳ್ಳುವವರು ಹಿಂಜರಿಯುವುದರಿಂದ ಬೇಡಿಕೆ ರೇಖೆ ಇಳಿಜಾರಾಗುತ್ತದೆ. ಅದೇ ಏರಿಕೆಯಿಂದ ರಫ್ತುದಾರನಿಗೆ ಪ್ರತಿ ಡಾಲರ್‌ಗೂ ಹೆಚ್ಚು ರೂಪಾಯಿ ದಕ್ಕುವುದರಿಂದ ಪೂರೈಕೆ ರೇಖೆ ಮೇಲ್ಮುಖವಾಗುತ್ತದೆ. ಎರಡೂ 56ರಲ್ಲಿ ಕೂಡುತ್ತವೆ. ಇದೇ ಸಮತೋಲನ ದರ. ದರ 60ರಲ್ಲಿದ್ದರೆ 20 ಪಾಲು ಡಾಲರ್ ಮಾರಾಟವಾಗದೆ ಉಳಿದು, ಮಾರುವವರು ದರ ಇಳಿಸುತ್ತಾರೆ; 52ರಲ್ಲಿದ್ದರೆ 20 ಪಾಲು ಕೊರತೆ ಬಿದ್ದು, ಕೊಳ್ಳುವವರು ದರ ಏರಿಸುತ್ತಾರೆ.

ಮೂರನೆಯ ಹೆಜ್ಜೆಯಲ್ಲಿ ರೇಖೆಯನ್ನೇ ಸರಿಸಬೇಕು. 2013ರ ಮೇ 22ರಂದು ಅಮೆರಿಕದ ಕೇಂದ್ರ ಬ್ಯಾಂಕಿನ ಅಧ್ಯಕ್ಷ ಬೆನ್ ಬರ್ನಾಂಕೆಯವರು, ಮಾರುಕಟ್ಟೆಗೆ ಹಣ ಹರಿಸುತ್ತಿದ್ದ ಬಾಂಡ್ ಖರೀದಿಯನ್ನು ಕಡಿಮೆ ಮಾಡುವ ಸುಳಿವು ಕೊಟ್ಟರು. ಆಗ ಭಾರತದಲ್ಲಿ ಹಣ ಹೂಡಿದ್ದ ವಿದೇಶಿಯರು ತಮ್ಮ ಬಾಂಡ್‌ಗಳನ್ನು ಮಾರಿ, ಬಂದ ರೂಪಾಯಿಯನ್ನು ಡಾಲರ್‌ಗೆ ಬದಲಿಸಿಕೊಂಡು ಹೊರಡತೊಡಗಿದರು. ಇವರ ಬೇಡಿಕೆ ದರದ ಏರಿಳಿತದಿಂದ ಹುಟ್ಟಿದ್ದಲ್ಲವಾದ್ದರಿಂದ, ಹಳೆಯ ರೇಖೆಯ ಮೇಲಿನ ಬಿಂದು ಜರುಗುವುದಿಲ್ಲ, ಇಡೀ ರೇಖೆಯೇ ಬಲಕ್ಕೆ ಹೋಗುತ್ತದೆ. ಪ್ರತಿ ದರದಲ್ಲೂ 60 ಪಾಲು ಹೆಚ್ಚಿಸಿ ಹೊಸ ಬೇಡಿಕೆ ರೇಖೆ ಎಳೆದರೆ, 56ರಲ್ಲಿ ಬೇಡಿಕೆ 170, ಪೂರೈಕೆ 110 ಆಗಿ 60 ಪಾಲು ಕೊರತೆ ಕಾಣುತ್ತದೆ, ಛೇದನ ಬಿಂದು 68ಕ್ಕೆ ಏರುತ್ತದೆ. ವಾಸ್ತವದಲ್ಲಿಯೂ ಸುಮಾರು 55ರ ಆಸುಪಾಸಿನಲ್ಲಿದ್ದ ದರ ಆಗಸ್ಟ್ 28ರಂದು 68 ರೂಪಾಯಿಯನ್ನು ದಾಟಿತು.

ಅದೇ ದಿನ ರಿಸರ್ವ್ ಬ್ಯಾಂಕ್ ತನ್ನ ಸಂಗ್ರಹದಿಂದ ಮೂರು ಸರ್ಕಾರಿ ತೈಲ ಕಂಪನಿಗಳಿಗೆ ಡಾಲರ್ ಕೊಡುವ ವಿಶೇಷ ವ್ಯವಸ್ಥೆಯನ್ನು ಘೋಷಿಸಿತು. ಮಾರುಕಟ್ಟೆಯ ಅತಿ ದೊಡ್ಡ ಕೊಳ್ಳುಗರು ಹೀಗೆ ಹೊರಗುಳಿದರೆ ಹಾಳೆಯಲ್ಲಿ ಬೇಡಿಕೆ ರೇಖೆ ಎಡಕ್ಕೆ ಸರಿಯುತ್ತದೆ. 20 ಪಾಲು ಕಡಿಮೆಯಾದರೆ ಛೇದನ 64ಕ್ಕೆ ಇಳಿಯುತ್ತದೆ. ಮರುದಿನವೇ ನಿಜವಾದ ದರವೂ 67ಕ್ಕಿಂತ ಕೆಳಗಿಳಿಯಿತು. ಆದರೆ ಇದು ಸ್ವಾಪ್, ಅಂದರೆ ಪಡೆದ ಡಾಲರ್‌ಗಳನ್ನು ಮುಂದೊಂದು ದಿನ ಹಿಂತಿರುಗಿಸಬೇಕಾದ ಏರ್ಪಾಡು. ಬೇಡಿಕೆ ಅಳಿಯಲಿಲ್ಲ, ಮುಂದಕ್ಕೆ ಹೋಯಿತು. ಅನಿವಾಸಿ ಭಾರತೀಯರ ಠೇವಣಿ ಸೆಳೆಯಲು ಸೆಪ್ಟೆಂಬರ್‌ನಲ್ಲಿ ತಂದ ಯೋಜನೆಯೇ ಪೂರೈಕೆ ರೇಖೆಯನ್ನು ಬಲಕ್ಕೆ ತಳ್ಳಿತು.

ಚಿತ್ರಕ್ಕೆ ಸಿಗದ ಸಂಗತಿಗಳೂ ಇವೆ. ದರ ಇನ್ನೂ ಏರುವುದೆಂಬ ನಂಬಿಕೆ ಹರಡಿದಾಗ ರಫ್ತುದಾರರು ಡಾಲರ್ ಮಾರದೆ ಕಾಯುತ್ತಾರೆ, ಆಮದುದಾರರು ಮುಂದಿನ ತಿಂಗಳ ಅಗತ್ಯವನ್ನೂ ಇಂದೇ ಕೊಳ್ಳುತ್ತಾರೆ; ಆಗ ಪೂರೈಕೆ ರೇಖೆ ಎಡಕ್ಕೂ ಬೇಡಿಕೆ ರೇಖೆ ಬಲಕ್ಕೂ ಒಟ್ಟಿಗೇ ಸರಿದು ದರ ಭರದಿಂದ ಏರುತ್ತದೆ. ದೊಡ್ಡ ಸುದ್ದಿಯೇನೂ ಇಲ್ಲದೆ ದಿನದಿನವೂ ದರ ಏರುತ್ತಿದ್ದರೆ ಈ ಕಾಯುವಿಕೆಯನ್ನು ಶಂಕಿಸುವುದು ಸರಿ.

ಗಾವಡಗೆರೆಯ ಬೆಳೆಗಾರನಿಗೆ ಈ ಏರಿಕೆ ತಾನಾಗಿ ತಲುಪುವುದಿಲ್ಲ. ಒಂದು ಕಿಲೋ ಎಲೆ ಹೊರದೇಶದಲ್ಲಿ 3 ಡಾಲರ್‌ಗೆ ಹೋಗುತ್ತದೆಂದು ಭಾವಿಸಿದರೆ, 56ರ ದರದಲ್ಲಿ ರಫ್ತುದಾರನಿಗೆ 168 ರೂಪಾಯಿ, 68ರಲ್ಲಿ 204 ರೂಪಾಯಿ ಸಿಗುತ್ತದೆ. ನಡುವಿನ 36 ರೂಪಾಯಿಯಲ್ಲಿ ರೈತನ ಪಾಲೆಷ್ಟೆಂಬುದು ಹರಾಜಿನಲ್ಲಿ ಕೊಳ್ಳುವವರ ಪೈಪೋಟಿಯನ್ನು ಅವಲಂಬಿಸಿದೆ. ರಫ್ತುದಾರನು ತನಗೆ ಬರಬೇಕಾದ ಡಾಲರ್‌ಗಳನ್ನು ತಿಂಗಳುಗಳ ಹಿಂದೆಯೇ ಮುಂಗಡ ಒಪ್ಪಂದದಲ್ಲಿ 57ಕ್ಕೆ ಬ್ಯಾಂಕಿಗೆ ಮಾರಿಬಿಟ್ಟಿದ್ದರೆ, ಅವನ ಕೈಗೇ 171 ರೂಪಾಯಿಗಿಂತ ಹೆಚ್ಚು ಬರುವುದಿಲ್ಲ.