ಅನುವಾದಕಿಯ ಕಥೆ ಬರೆಯುತ್ತಿರುವ ಮಗಳಿಗೆ

ಕಥೆ ಓದಿದೆ ಮಗಳೇ. ಒಂದು ಪದಕ್ಕೆ ಸಾಟಿ ಸಿಗದೆ ಅನುವಾದಕಿಯೊಬ್ಬಳು ಒದ್ದಾಡುವುದು ಒಳ್ಳೆಯ ವಸ್ತು. ಆದರೆ ನೀನು ಅದಕ್ಕೆ ಆರಿಸಿಕೊಂಡಿರುವ ‘ವಿರಹ’ವನ್ನು ಬಿಡು. ವಿರಹ ಎಂದರೆ ಓದುಗ ನಿಟ್ಟುಸಿರು ಬಿಟ್ಟು ಮುಂದೆ ಹೋಗುತ್ತಾನೆ, ಅವನ ಕೈಗೆ ಏನೂ ಹತ್ತುವುದಿಲ್ಲ. ಅನುವಾದಕರ ನಿದ್ದೆ ಕೆಡಿಸುವುದು ಅಡುಗೆಮನೆಯ, ಬಚ್ಚಲಿನ, ಜಗಲಿಯ ಮಾತುಗಳು. ‘ಎಂಜಲು’ ತಗೋ.

ಅವಳು ಯಾವ ಭಾಷೆಗೆ ಅನುವಾದ ಮಾಡುತ್ತಿದ್ದಾಳೆ ಅಂತ ನೀನು ಎಲ್ಲೂ ಹೇಳಿಲ್ಲ. ಹೇಳಲೇಬೇಕು. ಹಿಂದಿಗಾದರೆ ಜೂಠಾ, ಮರಾಠಿಗಾದರೆ ಉಷ್ಟೆ, ತೆಲುಗಿಗಾದರೆ ಎಂಗಿಲಿ ಅಂತ ಬರೆದು ಮುಂದಿನ ಸಾಲಿಗೆ ಹೋಗಿಬಿಡುತ್ತಾಳೆ, ಕಥೆಯೇ ಹುಟ್ಟುವುದಿಲ್ಲ. ತೊಡಕು ಇಂಗ್ಲಿಷಿನಲ್ಲಿ. ಓಂಪ್ರಕಾಶ್ ವಾಲ್ಮೀಕಿಯವರ ಆತ್ಮಕಥೆ ‘ಜೂಠನ್’ ಇಂಗ್ಲಿಷಿಗೆ ಬಂದಾಗ ಅನುವಾದಕಿ ಅರುಣ್ ಪ್ರಭಾ ಮುಖರ್ಜಿ ಆ ಹೆಸರನ್ನು ಹಾಗೇ ಉಳಿಸಿಕೊಂಡರು. ಒಂದು ಜಾತಿಯವರು ಉಂಡು ಬಿಟ್ಟದ್ದನ್ನು ಇನ್ನೊಂದು ಜಾತಿಯವರು ಕೈಯೊಡ್ಡಿ ಒಯ್ಯಬೇಕಾಗಿದ್ದ ಬಾಳು ಆ ಮಾತಿನೊಳಗೇ ಇದೆ. ಹೊರಗಿನ ಯಾವ ಪದದಲ್ಲೂ ಅದು ಹಿಡಿಸುವುದಿಲ್ಲ.

ಇನ್ನು ನಿನ್ನ ಕಥೆಯ ನಿಜವಾದ ಕಷ್ಟ. ನೀನು ಬರೆಯುತ್ತಿರುವುದು ಕನ್ನಡದಲ್ಲಿ. ಓದುವವನಿಗೆ ಎಂಜಲು ಹುಟ್ಟಿನಿಂದ ಗೊತ್ತು, ಆ ಪದ ಇಲ್ಲದ ಬಡತನ ಅವನಿಗೆ ಹೇಗೆ ತಟ್ಟಬೇಕು? ಅವಳು ನಿಘಂಟು ತಿರುವಿದಳು, ಕಿಟಕಿಯಾಚೆ ನೋಡಿದಳು ಅಂತ ಎರಡು ಪುಟ ಬರೆದಿದ್ದೀಯಲ್ಲ, ಅದರಿಂದ ತಟ್ಟುವುದಿಲ್ಲ. ಅವಳು ಬರೆದ ಇಂಗ್ಲಿಷನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ತೋರಿಸು. ಮೂಲದಲ್ಲಿ ಒಂದು ಸಾಲು ಹೀಗಿದೆ ಅನ್ನು: ‘ಅಪ್ಪ ಎದ್ದ ಮೇಲೆ ಅವ್ವ ಅದೇ ಎಂಜಲೆಲೆಯಲ್ಲಿ ಬಡಿಸಿಕೊಂಡಳು.’ ಅವಳ ಮೊದಲ ಕರಡು ಓದಿದ ಪರದೇಶದವನಿಗೆ ಕಾಣುವುದು, ‘ಅವ್ವ ಕೊಳೆಯಾದ ಎಲೆಯಲ್ಲಿ ಬಡಿಸಿಕೊಂಡಳು.’ ಅವ್ವ ಗಲೀಜು ಹೆಂಗಸಾದಳು. ಎರಡನೆಯದರಲ್ಲಿ, ‘ಅಪ್ಪ ಬಿಟ್ಟಿದ್ದನ್ನು ತಿಂದಳು.’ ಈಗ ಅವಳು ಅನ್ನವಿಲ್ಲದವಳು. ಮೂರನೆಯದರಲ್ಲಿ ಉಗುಳು ತಗುಲಿದ ಎಲೆ ಬರುತ್ತದೆ, ಓದುವವನಿಗೆ ಹೇಸಿಗೆ ಹುಟ್ಟುತ್ತದೆ. ಒಂದೇ ಅವ್ವ ಮೂರು ಬೇರೆ ಹೆಂಗಸರಾದಳು, ಮೂವರಲ್ಲಿ ಒಬ್ಬಳೂ ನಮ್ಮವಳಲ್ಲ. ಇದನ್ನು ಕಣ್ಣಾರೆ ಕಂಡಾಗ ಕನ್ನಡದ ಓದುಗನಿಗೂ ಚುರುಕ್ಕೆನ್ನುತ್ತದೆ.

ಮೂಲದಲ್ಲಿ ಆ ಪದ ಒಂದೇ ಸಲ ಬಂದರೆ ಅವಳು ಹೇಗೋ ದಾಟಿಕೊಂಡಾಳು. ಮತ್ತೆ ಮತ್ತೆ ಬರಲಿ, ಬೇರೆ ಬೇರೆ ದನಿಯಲ್ಲಿ. ಶಾಲೆಯ ಹಿಂದೆ ಇಬ್ಬರು ಹುಡುಗಿಯರು ಒಂದು ಪೆಪ್ಪರಮಿಂಟನ್ನು ಲಂಗದ ಅಂಚಿನೊಳಗೆ ಸುತ್ತಿ ಬಟ್ಟೆಯ ಮೇಲಿಂದ ಕಚ್ಚಿ ಎರಡು ಮಾಡುತ್ತಾರಲ್ಲ, ಕಾಗೆ ಎಂಜಲು, ಅದು ಬರಲಿ. ಹಲ್ಲು ತಾಗಿದರೂ ಬಾಯಿ ತಾಗಲಿಲ್ಲ, ಆದ್ದರಿಂದ ದೋಷವಿಲ್ಲ ಎಂಬ ಮಕ್ಕಳ ಕಾನೂನು ಅದು. ಆಮೇಲೆ ದೊಡ್ಡವರಾದ ಅದೇ ಇಬ್ಬರಲ್ಲಿ ಒಬ್ಬಳು ಇನ್ನೊಬ್ಬಳಿಗೆ ‘ನಿನ್ನ ಎಂಜಲು ಕಾಸು ನನಗೆ ಬೇಡ’ ಅನ್ನಲಿ. ನಿನ್ನ ಅನುವಾದಕಿ ಇಲ್ಲಿಗೆ ಬಂದು ಕೂತುಬಿಡಬೇಕು. ಎಲೆಗೆ ಒಂದು ಪದ, ಮಿಠಾಯಿಗೆ ಇನ್ನೊಂದು, ಕಾಸಿಗೆ ಮತ್ತೊಂದು ಹಾಕಿದರೆ ಒಂದೊಂದು ಸಾಲೂ ಓದಲು ಸಲೀಸು. ಆದರೆ ಬಾಲ್ಯದ ಸಲಿಗೆಯ ಮಾತೇ ಈಗ ಬೈಗುಳವಾಗಿ ತಿರುಗಿ ಬಂದಿದೆ ಎಂಬುದು ಇಂಗ್ಲಿಷಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಕಥೆಯ ಗಂಟು ಬಿಚ್ಚಿಹೋಗುತ್ತದೆ.

ದಾರಿ ಇದೆ. ಶ್ರೀನಾಥ್ ಪೆರೂರ್ ಇಂಗ್ಲಿಷಿಗೆ ತಂದ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ನೆನಪಿಸಿಕೋ. ಆ ಮಾತು ಕನ್ನಡ ನಿಘಂಟಿನಲ್ಲೂ ಇಲ್ಲ, ಒಂದು ಮನೆಯ ಮಕ್ಕಳು ಕಟ್ಟಿಕೊಂಡದ್ದು. ಲಂಗದ ಲಾಡಿ ಗಂಟುಬಿದ್ದ ಸನ್ನಿವೇಶದಲ್ಲಿ ಒಮ್ಮೆ ಅದು ಬಂತು ಅಂದರೆ ಕನ್ನಡದವನೂ ಪರದೇಶದವನೂ ಒಟ್ಟಿಗೇ ಕಲಿಯುತ್ತಾರೆ, ಮುಂದೆ ಅರ್ಥ ಹೇಳಬೇಕಾಗಿಲ್ಲ. ನಿನ್ನ ಅನುವಾದಕಿಯೂ ಕಾಗೆ ಎಂಜಲಿನ ಆಟವನ್ನು ಬಟ್ಟೆ, ಹಲ್ಲು, ಹಂಚಿಕೆ ಸಮೇತ ಸರಿಯಾಗಿ ತಂದು, ಪದವನ್ನು ಅಲ್ಲಿ ಹಾಗೇ ಬಿಟ್ಟರೆ, ಕಾಸಿನ ಮಾತು ಬರುವ ಹೊತ್ತಿಗೆ ಓದುಗ ತಯಾರಾಗಿರುತ್ತಾನೆ. ತೊಂದರೆ ಏನೆಂದರೆ ಮೂಲದಲ್ಲಿ ಎಲೆಯ ಸಾಲು ಆಟಕ್ಕಿಂತ ಮೊದಲೇ ಇದೆ. ಕಲಿಸುವ ಮುಂಚೆಯೇ ಪದ ಬಂದುಬಿಟ್ಟಿದೆ. ಸಾಲನ್ನು ಹಿಂದೆಮುಂದೆ ಮಾಡುವ ಹಕ್ಕು ಅನುವಾದಕಿಗೆ ಉಂಟೇ? ಮೂಲ ಲೇಖಕಿಯನ್ನು ಬದುಕಿರಿಸು, ಪ್ರಕಾಶನದ ಸಂಪಾದಕ ‘ಅಡಿಟಿಪ್ಪಣಿ ಹಾಕಿ ಮುಗಿಸಿ’ ಅಂತ ಫೋನು ಮಾಡಲಿ. ಇಬ್ಬರ ನಡುವೆ ಅವಳು ಏನು ಮಾಡುತ್ತಾಳೆ ಎಂಬುದನ್ನು ನೀನೇ ಬರೆದು ಕಂಡುಕೊಳ್ಳಬೇಕು.

ಕಡೆಯಲ್ಲಿ ಅವಳಿಗೆ ತಟ್ಟನೆ ಪದ ಹೊಳೆದುಬಿಡುವ ಆ ಪ್ಯಾರಾವನ್ನು ಮಾತ್ರ ಹೊಡೆದುಹಾಕು. ತಿದ್ದಿದ ಪ್ರತಿಯನ್ನು ಯುಗಾದಿಗೆ ಬರುವಾಗ ತಾ, ಕೂತು ಓದೋಣ.